ಧ್ವನಿ ಯಾರದ್ದು? ಲ್ಯಾಬ್ ಹೇಳೋದೇ ಬೇರೆ

2022ರ ಏಪ್ರಿಲ್‌ನಲ್ಲಿ ಪ್ರಿಯಾಂಕ್ ಖರ್ಗೆ ಪಿಎಸ್‌ಐ ನೇಮಕಾತಿ ಹಗರಣದ ಆಡಿಯೊ ಬಿಟ್ಟಾಗ ಎಲ್ಲರ ಪ್ರಶ್ನೆ ಒಂದೇ: ಈ ಧ್ವನಿ ಯಾರದ್ದು?

ಇಂಥ ಪ್ರಶ್ನೆಗೆ ಒಳ್ಳೆಯ ಲ್ಯಾಬ್ ‘ಇವನದ್ದೇ’ ಎನ್ನುವುದಿಲ್ಲ, ಒಂದು ಅನುಪಾತ ಕೊಡುತ್ತದೆ. ಅದು 100 ಅಂದ್ರೆ, ಧ್ವನಿ ಶಂಕಿತನದ್ದಾದರೆ ಇಷ್ಟು ಹೋಲಿಕೆ ಸಿಗುವ ಸಾಧ್ಯತೆ, ಬೇರೆಯವರದ್ದಾದರೆ ಸಿಗುವುದಕ್ಕಿಂತ 100 ಪಟ್ಟು. ‘ಶೇ 99 ಇವನೇ’ ಅಂತಲ್ಲ!

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಆ ಮಾತಾಡಿರಬಹುದಾದ ಬೇರೆ 1,000 ಜನರಿದ್ದಾರೆ ಅಂದ್ಕೊಳ್ಳಿ. ಮೊದಲು ಶಂಕಿತನ ಪಾಲು 1, ಬೇರೆಯವರದ್ದು 1,000. ವರದಿ ಬಂದ ಮೇಲೆ 1ಕ್ಕೆ 10. ಅಂದರೆ, ಬೇರೆಯವರಾಗಿರುವ ಸಾಧ್ಯತೆಯೇ ಇನ್ನೂ ಹೆಚ್ಚು. ಉಳಿದದ್ದನ್ನು ಕಾಲ್ ದಾಖಲೆ, ಸಾಕ್ಷಿಗಳೇ ಹೇಳಬೇಕು.

ಈ ‘ಬೇರೆಯವರು’ ಬೆಂಗಳೂರಿನವರಾದರೆ? ಕಲಬುರಗಿಯ ಮಾತಿನ ಧಾಟಿಯೇ ಅನುಪಾತವನ್ನು ಸುಳ್ಳೇ ಏರಿಸಿಬಿಡುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು: ಯಾರ ಧ್ವನಿಗಳ ಜೊತೆ ಹೋಲಿಸಿದ್ರಿ?