ಗೋದಾಕ್ಕಿಳಿಯುವ ಹಿಂದಿನ ದಿನ ಬಂದ ತೀರ್ಪು

2016ರ ಆಗಸ್ಟ್ 18. ರಿಯೊ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ನರಸಿಂಗ್ ಯಾದವ್ ಮರುದಿನ 74 ಕೆ.ಜಿ. ವಿಭಾಗದಲ್ಲಿ ಗೋದಾಕ್ಕಿಳಿಯಬೇಕಿತ್ತು. ಅಂದು ಅವರು ಕೂತಿದ್ದು ಮಾತ್ರ ಮೂವರು ಮಧ್ಯಸ್ಥಗಾರರ ಎದುರು. ಕೆಲವು ತಾಸು ವಿಚಾರಣೆ ನಡೆಯಿತು. ನಂತರ ಬಂದ ತೀರ್ಪು ನಾಲ್ಕು ವರ್ಷದ ನಿಷೇಧ. ಅದೇ ತಿಂಗಳ ಒಂದನೇ ತಾರೀಖು ಭಾರತದ ಉದ್ದೀಪನ ಮದ್ದು ತಡೆ ಘಟಕ ನಾಡಾದ ಶಿಸ್ತು ಸಮಿತಿ ಅವರನ್ನು ಪೂರ್ತಿ ದೋಷಮುಕ್ತಗೊಳಿಸಿತ್ತು. ಊರಲ್ಲಿ ಗೆದ್ದ ಕೇಸು ಮೂರೇ ವಾರದೊಳಗೆ ಪರದೇಶದಲ್ಲಿ ಬಿದ್ದುಹೋಗಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಕ್ರೀಡಾ ಜಗತ್ತಿನ ನ್ಯಾಯ ವ್ಯವಸ್ಥೆಯ ಸ್ವಭಾವ ಬಹುಮಟ್ಟಿಗೆ ತಿಳಿಯುತ್ತದೆ.

ಈ ತೀರ್ಪು ಕೊಟ್ಟದ್ದು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ. ನಮ್ಮ ಪತ್ರಿಕೆಗಳಲ್ಲಿ ಸಿಎಎಸ್ ಎಂದು ಕಾಣಿಸುವುದು ಇದೇ. 1984ರಲ್ಲಿ ಹುಟ್ಟಿದ ಈ ಸಂಸ್ಥೆಯ ಕೇಂದ್ರ ಸ್ವಿಟ್ಜರ್ಲೆಂಡಿನ ಲೊಸಾನ್ ನಗರ. ಹೆಸರಿನಲ್ಲಿ ನ್ಯಾಯವಿದ್ದರೂ ಇದು ಯಾವ ಸರ್ಕಾರದ ಕೋರ್ಟೂ ಅಲ್ಲ. ತಂಟೆ ಬಂದರೆ ಈ ಮಂಡಳಿಯ ಮಾತಿಗೆ ಬದ್ಧರಾಗುತ್ತೇವೆ ಎಂದು ಒಕ್ಕೂಟಗಳು ತಮ್ಮ ನಿಯಮಾವಳಿಯಲ್ಲಿ ಬರೆದುಕೊಂಡಿರುತ್ತವೆ. ಆ ಒಕ್ಕೂಟದಡಿ ಆಡಲು ಹೆಸರು ಕೊಟ್ಟ ಕ್ರೀಡಾಪಟುವೂ ಅದಕ್ಕೆ ಒಪ್ಪಿದಂತೆಯೇ. ಪ್ರಕರಣವೊಂದಕ್ಕೆ ಸಾಮಾನ್ಯವಾಗಿ ಮೂವರು ಮಧ್ಯಸ್ಥಗಾರರು ಇರುತ್ತಾರೆ. ಎರಡೂ ಕಡೆಯವರು ಮಂಡಳಿಯ ಪಟ್ಟಿಯಿಂದ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತಾರೆ, ಮೇಲ್ಮನವಿಯಾದರೆ ಅಧ್ಯಕ್ಷರನ್ನು ಮಂಡಳಿಯೇ ನೇಮಿಸುತ್ತದೆ. ಒಕ್ಕೂಟದ ನಿಯಮದಲ್ಲಿ ಬೇರೆ ಗಡುವು ಇಲ್ಲದಿದ್ದರೆ, ತೀರ್ಪು ಕೈಸೇರಿದ 21 ದಿನದೊಳಗೆ ಮೇಲ್ಮನವಿ ಹಾಕಬೇಕು. ಒಲಿಂಪಿಕ್ಸ್ ಹೊತ್ತಿನಲ್ಲಿ ಅಷ್ಟು ಕಾಯುವಂತಿಲ್ಲವಲ್ಲ. ಅದಕ್ಕಾಗಿ 1996ರ ಅಟ್ಲಾಂಟಾ ಕೂಟದಿಂದ ಮಂಡಳಿ ತನ್ನದೊಂದು ತಾತ್ಕಾಲಿಕ ಪೀಠವನ್ನು ಕೂಟ ನಡೆಯುವ ಊರಿನಲ್ಲೇ ಕೂರಿಸುತ್ತಿದೆ. ಅಲ್ಲಿ ಶುಲ್ಕವಿಲ್ಲ, ತೀರ್ಪು ಆದಷ್ಟೂ 24 ತಾಸಿನೊಳಗೆ ಬರಬೇಕು. ನರಸಿಂಗ್ ನಿಂತದ್ದು ಅಂಥ ಪೀಠದ ಎದುರು.

ಅವರ ಮೂತ್ರದ ಮಾದರಿಯನ್ನು ಜೂನ್ 25ರಂದು ಒಮ್ಮೆ, ಜುಲೈ 5ರಂದು ಮತ್ತೊಮ್ಮೆ ತೆಗೆಯಲಾಗಿತ್ತು. ಎರಡರಲ್ಲೂ ಮೆಥಾಂಡಿನೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಸೋನಿಪತ್‌ನ ತರಬೇತಿ ಕೇಂದ್ರದಲ್ಲಿ ಬೇರೊಬ್ಬರು ತನ್ನ ಪಾನೀಯಕ್ಕೆ ಇದನ್ನು ಬೆರೆಸಿದ್ದಾರೆ, ಇದು ಪಿತೂರಿ ಎಂದು ನರಸಿಂಗ್ ವಾದಿಸಿದರು. ಅವರ ಕೋಣೆಯಲ್ಲೇ ಇದ್ದ ಮತ್ತೊಬ್ಬ ಕುಸ್ತಿಪಟುವಿನ ಮಾದರಿಯಲ್ಲೂ ಅದೇ ವಸ್ತು ಸಿಕ್ಕಿದ್ದರಿಂದ ಮಾತಿಗೆ ತೂಕ ಬಂತು. ನಾಡಾ ಸಮಿತಿ ನಂಬಿತು, ದೇಶವೂ ನಂಬಿತು. ಆದರೆ ಜಾಗತಿಕ ಸಂಸ್ಥೆಯಾದ ವಾಡಾ ನಂಬಲಿಲ್ಲ. ಯಾವುದೇ ದೇಶದ ಶಿಸ್ತು ಸಮಿತಿ ಕೊಟ್ಟ ಇಂಥ ತೀರ್ಪನ್ನು ಪ್ರಶ್ನಿಸುವ ಹಕ್ಕು ವಾಡಾಗೆ ಇದೆ. ಮೇಲ್ಮನವಿ ಎಂದರೆ ಸೋತ ಆಟಗಾರ ಹಾಕುವಂಥದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಗೆದ್ದ ಆಟಗಾರನ ಮೇಲೆಯೇ ಮೇಲ್ಮನವಿ ಬಂದಿತ್ತು.

ನಮ್ಮ ಹೈಕೋರ್ಟುಗಳು ಮೇಲ್ಮನವಿ ಕೇಳುವಾಗ ಹೆಚ್ಚಾಗಿ ಕೆಳಗಿನವರು ತಪ್ಪು ಮಾಡಿದ್ದಾರೆಯೇ ಎಂದಷ್ಟೇ ನೋಡುವುದುಂಟು. ಸಿಎಎಸ್ ಹಾಗಲ್ಲ. ಅದು ಇಡೀ ಪ್ರಕರಣವನ್ನು ಮೊದಲಿನಿಂದ ಕೇಳುತ್ತದೆ. ಹೊಸ ಸಾಕ್ಷಿ, ಹೊಸ ತಜ್ಞರು, ಹೊಸ ವಾದ ಎಲ್ಲಕ್ಕೂ ಜಾಗವಿದೆ. ಹೀಗಾಗಿ ಕೆಳಗಿನ ಸಮಿತಿ ಮಾಡಿದ ತಪ್ಪು ಇಲ್ಲಿ ತಿದ್ದಲ್ಪಡಬಹುದು. ಅದೇ ಕಾರಣಕ್ಕೆ ಕೆಳಗೆ ಸಿಕ್ಕ ಗೆಲುವಿಗೆ ಇಲ್ಲಿ ಬೆಲೆಯೂ ಉಳಿಯುವುದಿಲ್ಲ.

ಇನ್ನು, ಯಾರು ಏನನ್ನು ರುಜುವಾತು ಮಾಡಬೇಕು ಎಂಬುದು. ನಿಷೇಧಿತ ವಸ್ತು ದೇಹದಲ್ಲಿತ್ತು ಎಂಬುದನ್ನು ತೋರಿಸಿದರೆ ವಾಡಾದ ಅರ್ಧ ಕೆಲಸ ಮುಗಿಯಿತು. ಅದು ಹೇಗೆ ಬಂತು ಎಂದು ಹೇಳಬೇಕಾದವನು ಆಟಗಾರ. ಮೆಥಾಂಡಿನೋನ್‌ನಂಥ ಸ್ಟೆರಾಯ್ಡಿಗೆ ಶಿಕ್ಷೆ ನಾಲ್ಕು ವರ್ಷದಿಂದಲೇ ಶುರು. ತಾನು ಬೇಕೆಂದು ಸೇವಿಸಿಲ್ಲ ಎಂದು ತೋರಿಸಿದರಷ್ಟೇ ಅದು ಇಳಿಯುತ್ತದೆ. ಸಂಶಯಾತೀತವಾಗಿ ಸಾಬೀತು ಮಾಡು ಎಂದು ಯಾರೂ ಕೇಳುವುದಿಲ್ಲ. ತನ್ನ ಕಥೆ ನಿಜವಾಗಿರುವ ಸಂಭವ ಸುಳ್ಳಾಗಿರುವ ಸಂಭವಕ್ಕಿಂತ ಹೆಚ್ಚು ಎಂದು ತೋರಿಸಿದರೆ ಸಾಕು. ನೂರಕ್ಕೆ ಐವತ್ತೊಂದು ಎನ್ನಿ.

ನರಸಿಂಗ್‌ಗೆ ಆ ಐವತ್ತೊಂದು ದಕ್ಕಲಿಲ್ಲ. ವಾಡಾ ಕಡೆಯ ತಜ್ಞೆ, ಮಾಂಟ್ರಿಯಲ್ ಪ್ರಯೋಗಾಲಯದ ಕ್ರಿಸ್ಟಿಯಾನ್ ಆಯೋಟ್, ಮೊದಲ ಮಾದರಿಯಲ್ಲಿದ್ದ ಪ್ರಮಾಣದತ್ತ ಬೊಟ್ಟು ಮಾಡಿದರು. ನೀರಿಗೆ ಪುಡಿ ಬೆರೆಸಿ ಕುಡಿಸಿದರೆ ಇಷ್ಟು ಪ್ರಮಾಣ ಬರುವುದಿಲ್ಲ, ಒಂದೆರಡು ಮಾತ್ರೆ ನುಂಗಿದರೆ ಬರುವ ಮಟ್ಟವಿದು ಎಂಬುದು ಅವರ ಅಭಿಪ್ರಾಯ. ಪಿತೂರಿ ನಡೆದಿರುವ ಸಾಧ್ಯತೆಯನ್ನು ಪೀಠ ಪೂರ್ತಿ ತಳ್ಳಿಹಾಕಲಿಲ್ಲ. ಆದರೆ ಸಾಧ್ಯವಿದೆ ಎನ್ನುವುದೇ ಬೇರೆ, ಹಾಗೆಯೇ ಆಗಿರಬೇಕು ಎನ್ನುವುದೇ ಬೇರೆ. ಅದಕ್ಕೆ ಬೇಕಾದ ಗಟ್ಟಿ ಸಾಕ್ಷಿ ಎದುರಿಗಿರಲಿಲ್ಲ. ಅವರು ಒಂದಕ್ಕಿಂತ ಹೆಚ್ಚು ಬಾರಿ ಮಾತ್ರೆ ರೂಪದಲ್ಲೇ ಸೇವಿಸಿರುವ ಸಂಭವ ಹೆಚ್ಚು ಎಂಬ ತೀರ್ಮಾನಕ್ಕೆ ಪೀಠ ಬಂತು.

ಬೇಕೆಂದು ಸೇವಿಸಿಲ್ಲ ಎಂಬುದನ್ನು ಒಪ್ಪಿಕೊಂಡರೂ ಪಾರಾಗುವುದು ಸುಲಭವಲ್ಲ. ಕುಂದಾಪುರ ಸೀಮೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರ ಪ್ರಕರಣ ಇದಕ್ಕೆ ಸಾಕ್ಷಿ. 2010ರ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಎರಡು ಚಿನ್ನ ಗೆದ್ದಿದ್ದ ಅವರು, 2011ರಲ್ಲಿ ಇತರ ಐವರು ಓಟಗಾರ್ತಿಯರೊಂದಿಗೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಿಕೊಂಡರು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಲ್ಲಿ ಸ್ಟೆರಾಯ್ಡ್ ಸೇರಿತ್ತು ಎಂಬುದು ಅವರ ವಿವರಣೆ. ನಾಡಾ ಸಮಿತಿ ಅವರ ತಪ್ಪು ದೊಡ್ಡದಲ್ಲವೆಂದು ಒಂದು ವರ್ಷದ ನಿಷೇಧ ಹಾಕಿತು. ವಿಶ್ವ ಅಥ್ಲೆಟಿಕ್ಸ್ ಒಕ್ಕೂಟ ಸಿಎಎಸ್‌ಗೆ ಹೋಯಿತು. 2012ರ ಜುಲೈನಲ್ಲಿ ಶಿಕ್ಷೆ ಎರಡು ವರ್ಷಕ್ಕೇರಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಕೊಟ್ಟರು, ನುಂಗಿದೆವು ಎಂಬ ಮಾತು ಅಲ್ಲಿ ನಡೆಯಲಿಲ್ಲ. ಶಿಬಿರದಲ್ಲಿರುವ ಇಪ್ಪತ್ತರ ಹುಡುಗಿ ಕೋಚ್ ಮಾತನ್ನು ಪ್ರಶ್ನಿಸುವುದು ಎಷ್ಟು ಕಷ್ಟವೆಂಬುದು ನಮಗೆ ಗೊತ್ತಿದೆ. ನಿಯಮಕ್ಕೆ ಮಾತ್ರ ಆ ಕಷ್ಟ ಕಾಣುವುದಿಲ್ಲ. ದೇಹದೊಳಗೆ ಹೋದದ್ದಕ್ಕೆಲ್ಲ ಹೊಣೆ ಆ ದೇಹದ ಒಡೆಯರದ್ದೇ ಎನ್ನುವುದು ಅದರ ತಳಪಾಯ.

ಈ ಕಾರಣಕ್ಕೇ ಅನುಭವಿ ವಕೀಲರು ಇಂಥ ಪ್ರಕರಣದಲ್ಲಿ ಮೊದಲು ಕೇಳುವುದು ಡಬ್ಬಿಯನ್ನು. ಸೇವಿಸಿದ ಪುಡಿಯೋ ಮಾತ್ರೆಯೋ ಉಳಿದಿದೆಯೇ, ಅದರ ಬ್ಯಾಚ್ ಸಂಖ್ಯೆ ಏನು, ಖರೀದಿಯ ರಸೀದಿ ಇದೆಯೇ, ಮೂತ್ರ ಕೊಟ್ಟ ದಿನ ತುಂಬಿದ ಫಾರಂನಲ್ಲಿ ಅದರ ಹೆಸರು ಬರೆದಿತ್ತೇ? ಅದೇ ಬ್ಯಾಚಿನ ಸೀಲು ಒಡೆಯದ ಡಬ್ಬಿಯಲ್ಲೂ ಆ ವಸ್ತು ಸಿಕ್ಕರೆ ಆಟಗಾರನ ಮಾತು ನಿಲ್ಲುತ್ತದೆ. ಬರೀ ಪ್ರಮಾಣಪತ್ರ, ಒಳ್ಳೆಯ ನಡತೆಯ ಸಾಕ್ಷಿ, ಇಷ್ಟು ವರ್ಷದ ಹೆಸರು ಇವುಗಳಿಂದ ತಕ್ಕಡಿ ಹೆಚ್ಚು ವಾಲುವುದಿಲ್ಲ.

ನರಸಿಂಗ್ ಕಥೆಗೆ ಇನ್ನೊಂದು ಮುಖವಿದೆ. ಮದ್ದಿನ ಸುದ್ದಿ ಬರುವ ಮೊದಲೇ ಅವರ ಆಯ್ಕೆಯೇ ವಿವಾದವಾಗಿತ್ತು. 2015ರ ಲಾಸ್ ವೇಗಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು ದೇಶಕ್ಕೆ 74 ಕೆ.ಜಿ. ಸ್ಥಾನ ತಂದವರು ನರಸಿಂಗ್. ಎರಡು ಒಲಿಂಪಿಕ್ ಪದಕಗಳ ಸುಶೀಲ್ ಕುಮಾರ್ ಅದೇ ವಿಭಾಗದಲ್ಲಿದ್ದರು. ಇಬ್ಬರ ನಡುವೆ ಟ್ರಯಲ್ಸ್ ನಡೆಸಿ ಎಂದು ಅವರು ಕೇಳಿದರು. ಕುಸ್ತಿ ಒಕ್ಕೂಟ ಒಪ್ಪದಿದ್ದಾಗ ಅವರು ಹೋದದ್ದು ಲೊಸಾನ್‌ಗೆ ಅಲ್ಲ, ದೆಹಲಿ ಹೈಕೋರ್ಟಿಗೆ. 2016ರ ಜೂನ್‌ನಲ್ಲಿ ಅರ್ಜಿ ವಜಾ ಆಯಿತು. ತಂಡ ಆರಿಸುವುದು ಒಕ್ಕೂಟದ ಕೆಲಸ, ಅದು ಮನಬಂದಂತೆ ನಡೆದಿದ್ದರೆ ಮಾತ್ರ ಕೋರ್ಟು ಕೈಹಾಕುತ್ತದೆ ಎಂಬುದು ಅದರ ನಿಲುವಿನ ಸಾರ.

ಲೊಸಾನ್‌ಗೆ ಏಕೆ ಹೋಗಲಿಲ್ಲ ಎಂದರೆ, ಅಲ್ಲಿನ ಬಾಗಿಲು ತೆರೆಯಲು ಒಪ್ಪಂದ ಬೇಕು. ಉದ್ದೀಪನ ಮದ್ದಿನ ವಿಷಯದಲ್ಲಿ ಜಾಗತಿಕ ಸಂಹಿತೆಯೇ ಆ ಒಪ್ಪಂದ. ಆಯ್ಕೆಯ ವಿಷಯದಲ್ಲಿ ಅಂಥದ್ದೊಂದು ಇಲ್ಲ. ರಾಷ್ಟ್ರೀಯ ಒಕ್ಕೂಟ ತನ್ನ ನಿಯಮದಲ್ಲಿ ಸಿಎಎಸ್ ಹೆಸರು ಬರೆದಿದ್ದರೆ ಮಾತ್ರ ದಾರಿ ಉಂಟು. ಒಲಿಂಪಿಕ್ಸ್‌ನ ತಾತ್ಕಾಲಿಕ ಪೀಠಕ್ಕೆ ಹೋಗೋಣವೆಂದರೆ ಅಲ್ಲಿ ಇನ್ನೊಂದು ಗೆರೆ: ವಿವಾದ ಹುಟ್ಟಿದ್ದು ಉದ್ಘಾಟನೆಗೆ ಹಿಂದಿನ ಹತ್ತು ದಿನಗಳಲ್ಲಿ ಅಥವಾ ಕೂಟದ ನಡುವೆ ಆಗಿರಬೇಕು. ತಂಡ ಒಂದು ತಿಂಗಳ ಮೊದಲೇ ಪ್ರಕಟವಾಗಿದ್ದರೆ, ಸಾಮಾನ್ಯವಾಗಿ ಆ ಬಾಗಿಲು ಆಗಲೇ ಮುಚ್ಚಿರುತ್ತದೆ.

ಆಸ್ಟ್ರೇಲಿಯಾದಲ್ಲಿ ಆಯ್ಕೆಯ ಜಗಳಗಳು ಸಿಎಎಸ್‌ಗೆ ಹೋಗುವ ಪದ್ಧತಿ ಹಳೆಯದು. 1996ರಲ್ಲಿ ಸೈಕ್ಲಿಸ್ಟ್ ಕ್ಯಾಥಿ ವಾಟ್ ಹೂಡಿದ ಪ್ರಕರಣ ಇವತ್ತಿಗೂ ಪಾಠದಂತಿದೆ. ಅಟ್ಲಾಂಟಾದಲ್ಲಿ ವೈಯಕ್ತಿಕ ಪರ್ಸೂಟ್ ಸ್ಪರ್ಧೆಗೆ ನೀನೇ ಎಂದು ಸೈಕ್ಲಿಂಗ್ ಒಕ್ಕೂಟ ಅವರಿಗೆ ಮಾತು ಕೊಟ್ಟಿತ್ತು. ಕೂಟ ಹತ್ತಿರ ಬಂದಾಗ ಹೆಚ್ಚು ವೇಗ ತೋರುತ್ತಿದ್ದ ಲೂಸಿ ಟೈಲರ್ ಶಾರ್ಮನ್ ಅವರತ್ತ ವಾಲಿತು. ಇಬ್ಬರಲ್ಲಿ ಯಾರು ವೇಗಿ ಎಂದು ಸಿಎಎಸ್ ಅಳೆಯಲು ಹೋಗಲಿಲ್ಲ. ಕೊಟ್ಟ ಮಾತು ಒಕ್ಕೂಟವನ್ನು ಕಟ್ಟಿಹಾಕುತ್ತದೆ ಎಂದು ಹೇಳಿ ವಾಟ್ ಪರ ತೀರ್ಪು ಕೊಟ್ಟಿತು. ಅವರು ಸ್ಪರ್ಧಿಸಿದರು, ಆದರೆ ಪದಕ ಬರಲಿಲ್ಲ. ಲೂಸಿ ಬೇರೆ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಫಲಿತಾಂಶ ನೋಡಿ ತೀರ್ಪು ತಪ್ಪೆನ್ನುವವರಿದ್ದಾರು. ಆದರೆ ಮಧ್ಯಸ್ಥಗಾರರು ಆಯ್ಕೆದಾರರ ಕುರ್ಚಿಯಲ್ಲಿ ಕೂರುವುದಿಲ್ಲ, ಆಯ್ಕೆದಾರರು ತಾವೇ ಬರೆದ ನಿಯಮಕ್ಕೆ, ಕೊಟ್ಟ ಮಾತಿಗೆ ತಪ್ಪಿದರೇ ಎಂಬುದಷ್ಟೇ ಅವರ ಪ್ರಶ್ನೆ. ಮಾನದಂಡದಲ್ಲಿ ‘ಆಯ್ಕೆದಾರರ ವಿವೇಚನೆ’ ಎಂದು ಬರೆದಿದ್ದರೆ ಆಟಗಾರನಿಗೆ ಹಿಡಿಯಲು ಹುಲ್ಲುಕಡ್ಡಿಯೂ ಸಿಗುವುದು ಕಷ್ಟ. ‘ಟ್ರಯಲ್ಸ್ ಗೆದ್ದವರು’ ಎಂದು ಬರೆದಿದ್ದರೆ ಒಕ್ಕೂಟ ತಪ್ಪಿಸಿಕೊಳ್ಳುವುದು ಕಷ್ಟ.

ಸಿಎಎಸ್ ತೀರ್ಪಿನ ಮೇಲೂ ಒಂದು ಮೆಟ್ಟಿಲಿದೆ, ಸ್ವಿಟ್ಜರ್ಲೆಂಡಿನ ಸುಪ್ರೀಂ ಕೋರ್ಟು. ಆದರೆ ಅದು ತೀರ್ಪು ಸರಿಯೋ ತಪ್ಪೋ ಎಂದು ನೋಡುವುದಿಲ್ಲ. ಪೀಠದ ರಚನೆ ಸರಿಯಿತ್ತೇ, ಎರಡೂ ಕಡೆಯವರ ಮಾತು ಕೇಳಲಾಯಿತೇ ಎಂಬಂಥ ಕೆಲವೇ ಪ್ರಶ್ನೆಗಳಿಗೆ ಅದರ ಕೆಲಸ ಸೀಮಿತ. ಚೀನಾದ ಈಜುಗಾರ ಸುನ್ ಯಾಂಗ್‌ಗೆ 2020ರ ಫೆಬ್ರುವರಿಯಲ್ಲಿ ಎಂಟು ವರ್ಷದ ನಿಷೇಧವಾಗಿತ್ತು. ಪೀಠದ ಅಧ್ಯಕ್ಷರು ಹಿಂದೊಮ್ಮೆ ಚೀನಾದಲ್ಲಿ ನಾಯಿಗಳನ್ನು ಕೊಲ್ಲುವುದರ ವಿರುದ್ಧ ಕಟುವಾಗಿ ಮಾಡಿದ್ದ ಟ್ವೀಟುಗಳು ಬೆಳಕಿಗೆ ಬಂದವು. ಅವರು ನಿಷ್ಪಕ್ಷಪಾತಿಯಾಗಿದ್ದರೇ ಎಂಬ ಶಂಕೆಗೆ ಆಧಾರವಿದೆ ಎಂದು ಸ್ವಿಸ್ ಕೋರ್ಟು ಅದೇ ಡಿಸೆಂಬರಿನಲ್ಲಿ ತೀರ್ಪನ್ನು ರದ್ದು ಮಾಡಿತು. ಹಾಗೆಂದು ಸುನ್ ಯಾಂಗ್ ನಿರ್ದೋಷಿಯಾಗಲಿಲ್ಲ. ಹೊಸ ಪೀಠ ಮತ್ತೆ ವಿಚಾರಿಸಿ 2021ರಲ್ಲಿ ನಾಲ್ಕು ವರ್ಷ ಮೂರು ತಿಂಗಳ ನಿಷೇಧ ಹಾಕಿತು.

ಭಾರತದಲ್ಲಿ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ದೇಶದೊಳಗಿನ ಕ್ರೀಡಾ ವಿವಾದಗಳಿಗೆಂದೇ ಒಂದು ನ್ಯಾಯಮಂಡಳಿಯನ್ನು ಕಲ್ಪಿಸಿದೆ. ಸುಶೀಲ್ ಕುಮಾರ್ ಅವರದ್ದರಂಥ ತಕರಾರು ಮುಂದೆ ಹೈಕೋರ್ಟಿನ ಬದಲು ಅಲ್ಲಿಗೆ ಹೋದೀತು. ನರಸಿಂಗ್ ಅವರದ್ದರಂಥ ಪ್ರಕರಣ ಮಾತ್ರ ಈಗಲೂ ಲೊಸಾನ್ ಮುಟ್ಟಬಹುದು. ಮಂಡಳಿ ಹೊಸದಾದರೂ ಅದು ಅಳೆಯಬೇಕಾದ ಕೋಲು ಒಕ್ಕೂಟಗಳ ಬಳಿಯೇ ಇದೆ. ಟ್ರಯಲ್ಸ್ ಯಾವಾಗ, ವಿಶ್ವ ಕೂಟದಲ್ಲಿ ಸ್ಥಾನ ತಂದವರಿಗೆ ವಿನಾಯಿತಿ ಉಂಟೇ, ಗಾಯಗೊಂಡವರಿಗೆ ಇನ್ನೊಂದು ಅವಕಾಶ ಇದೆಯೇ ಎಂಬುದನ್ನು ಒಕ್ಕೂಟ ಮೊದಲೇ ಬರೆದು ಪ್ರಕಟಿಸಿದ್ದರೆ ಯಾವ ಮಂಡಳಿಯೂ ನ್ಯಾಯ ಹೇಳಬಲ್ಲದು. ಬರೆದೇ ಇಲ್ಲದಿದ್ದರೆ ಲೊಸಾನ್ ಆದರೂ ದೆಹಲಿ ಆದರೂ ಆಟಗಾರನಿಗೆ ಸಿಗುವ ಉತ್ತರ ಒಂದೇ, ಆಯ್ಕೆ ಅವರ ವಿವೇಚನೆ.