ನಿಮಗಿದು ಗೊತ್ತೆ? ನಡುಕ ನಿಂತರೆ ಅಂಚು ಹೋಗುತ್ತದೆ

ಕೈಯಲ್ಲಿ ಹಿಡಿದು ತೆಗೆದ ವಿಡಿಯೊದ ನಡುಕವನ್ನು ಎಡಿಟಿಂಗ್ ಸಾಫ್ಟ್‌ವೇರ್ ನಿಲ್ಲಿಸುವಾಗ ಚಿತ್ರದ ಅಂಚು ಒಂದಿಷ್ಟು ಕಳೆದುಹೋಗುತ್ತದೆ. ಕ್ಯಾಮೆರಾ ಎಡಕ್ಕೆ ಜರುಗಿದರೆ ದೃಶ್ಯ ಬಲಕ್ಕೆ ಸರಿದಂತೆ ಕಾಣುತ್ತದೆ. ಸಾಫ್ಟ್‌ವೇರ್ ಆ ಫ್ರೇಮನ್ನು ಅಷ್ಟೇ ಎಡಕ್ಕೆ ಎಳೆಯುತ್ತದೆ. ಆಗ ಬಲ ಅಂಚಿನಲ್ಲಿ ಉಳಿಯುವ ಕಪ್ಪು ಪಟ್ಟಿಯನ್ನು ಮರೆಮಾಡಲು ಇಡೀ ಚಿತ್ರವನ್ನು ಹಿಗ್ಗಿಸಬೇಕು.

1920×1080 ಪಿಕ್ಸೆಲ್‌ಗಳ ವಿಡಿಯೊವನ್ನು ಶೇ 10ರಷ್ಟು ಹಿಗ್ಗಿಸಿದರೆ, ಉಳಿಯುವುದು ಸುಮಾರು 1745×982 ಪಿಕ್ಸೆಲ್‌ಗಳ ಭಾಗ ಮಾತ್ರ. ಅದನ್ನೇ ಮತ್ತೆ ಮೊದಲಿನ ಅಳತೆಗೆ ಎಳೆಯುವುದರಿಂದ ತಲೆಕೂದಲು, ಎಲೆಗಳಂಥ ಸೂಕ್ಷ್ಮ ವಿವರಗಳು ಮಂಕಾಗುತ್ತವೆ. 4ಕೆಯಲ್ಲಿ ತೆಗೆದು 1080ರಲ್ಲಿ ಸಿದ್ಧಪಡಿಸಿದರೆ ಈ ತೊಂದರೆಯಿಲ್ಲ. ಅಷ್ಟೇ ಹಿಗ್ಗಿಸಿದರೂ ಅಗಲದಲ್ಲಿ ಸುಮಾರು 3490 ಪಿಕ್ಸೆಲ್‌ಗಳು ಉಳಿದಿರುತ್ತವೆ.

ಮಂದ ಬೆಳಕಿನ ಮಸುಕಿಗೆ ಮಾತ್ರ ಈ ಸಾಫ್ಟ್‌ವೇರ್ ಮದ್ದಲ್ಲ. ಶಟರ್ 1/50 ಸೆಕೆಂಡು ತೆರೆದಿದ್ದಾಗ ಕೈ ಅಲುಗಿದರೆ ಮಸುಕು ಫ್ರೇಮಿನೊಳಗೇ ಅಚ್ಚಾಗುತ್ತದೆ. ನಡುಕ ನಿಂತ ಮೇಲೆ ಅದು ಇನ್ನೂ ಎದ್ದು ಕಾಣುತ್ತದೆ: ನಿಂತ ಗೋಡೆಯೇ ಕ್ಷಣಕ್ಕೊಮ್ಮೆ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತಿದ್ದರೆ ಕಾರಣ ಇದೇ. ಬೆಳಕು ಸಾಕಷ್ಟಿದ್ದರೆ ಶಟರ್ ವೇಗವನ್ನು 1/200ಕ್ಕೆ ಏರಿಸಿ, ವ್ಯಕ್ತಿಯ ಸುತ್ತ ಸ್ವಲ್ಪ ಜಾಗ ಬಿಟ್ಟೇ ಚಿತ್ರೀಕರಿಸಿ.