ಫೋಟೊಡಯೋಡಿನ ಕರೆಂಟು ಮತ್ತು ಎರಡು ಪಿಕೊಫ್ಯಾರಡ್

ಫೋಟೊಡಯೋಡ್ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟು ಕರೆಂಟು ಕೊಡುತ್ತದೆ, ಆದರೆ ಅದು ತೀರಾ ಸಣ್ಣದು. ಪ್ರಯೋಗಗಳಲ್ಲಿ ಬಹಳ ಬಳಕೆಯಾಗುವ BPW34 ಡಯೋಡಿನ ಮೇಲೆ ಒಂದು ಮೈಕ್ರೊವಾಟ್‌ನಷ್ಟು ಅವಕೆಂಪು ಬೆಳಕು ಬಿದ್ದರೆ ಸಿಗುವುದು ಸುಮಾರು 0.6 ಮೈಕ್ರೊಆಂಪಿಯರ್. ಇದನ್ನು 1 ಮೆಗಾಓಮ್ ರೆಸಿಸ್ಟರ್‌ನಲ್ಲಿ ಹರಿಸಿದರೆ ಲೆಕ್ಕದಲ್ಲಿ 0.6 ವೋಲ್ಟ್ ಬರಬೇಕು. ನಿಜದಲ್ಲಿ ಅಷ್ಟು ಬರುವುದಿಲ್ಲ. ವೋಲ್ಟೇಜ್ ಏರಿದಂತೆ ಡಯೋಡ್ ತನ್ನ ಕರೆಂಟನ್ನು ತಾನೇ ನುಂಗತೊಡಗುತ್ತದೆ. ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಈ ಡಯೋಡ್ ಸ್ವತಃ ಸುಮಾರು 70 ಪಿಕೊಫ್ಯಾರಡ್‌ನ ಕೆಪಾಸಿಟರ್ ಕೂಡ ಹೌದು. ಬೆಳಕು ಬದಲಾದಾಗಲೆಲ್ಲ ಆ ಪುಟ್ಟ ಕರೆಂಟು ಮೊದಲು ಅದನ್ನು ತುಂಬಿಸಬೇಕಾಗುವುದರಿಂದ, ಎರಡು ಕಿಲೋಹರ್ಟ್ಸ್‌ಗಿಂತ ಹೆಚ್ಚು ವೇಗದ ಬದಲಾವಣೆಗಳು ಮಸುಕಾಗುತ್ತ ಹೋಗುತ್ತವೆ.

ಟ್ರಾನ್ಸ್‌ಇಂಪೀಡೆನ್ಸ್ ಆಂಪ್ಲಿಫೈಯರ್ ಈ ಎರಡೂ ತೊಡಕುಗಳನ್ನು ಒಟ್ಟಿಗೆ ನೀಗಿಸುತ್ತದೆ. ಇದರಲ್ಲಿ ಡಯೋಡ್ ಆಪ್-ಆಂಪ್‌ನ ಮೈನಸ್ ಇನ್‌ಪುಟ್‌ಗೆ ಸೇರುತ್ತದೆ, ಪ್ಲಸ್ ಇನ್‌ಪುಟ್ ಗ್ರೌಂಡಿಗೆ. ಮೆಗಾಓಮ್ ರೆಸಿಸ್ಟರ್ ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ ಮರಳಿ ಬರುತ್ತದೆ. ಮೈನಸ್ ಇನ್‌ಪುಟ್ ಸೊನ್ನೆಯಿಂದ ಕದಲಿತೆಂದರೆ ಆಪ್-ಆಂಪ್ ತನ್ನ ಔಟ್‌ಪುಟ್ ಸರಿಸಿ, ಡಯೋಡಿನ ಕರೆಂಟೆಲ್ಲ ರೆಸಿಸ್ಟರ್‌ನ ಮೂಲಕವೇ ಹೋಗುವಂತೆ ಮಾಡುತ್ತದೆ. ಡಯೋಡಿನ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲುವುದರಿಂದ ಅದರ ಕೆಪಾಸಿಟರ್ ತುಂಬುವ ಪ್ರಶ್ನೆಯೇ ಬಾರದು. ವೇಗವೂ ಸಿಗುತ್ತದೆ, 0.6 ವೋಲ್ಟೂ ಸಿಗುತ್ತದೆ.

ಆದರೆ ಆ 70 ಪಿಕೊಫ್ಯಾರಡ್ ಎಲ್ಲಿಗೂ ಹೋಗಿಲ್ಲ. ಆಪ್-ಆಂಪ್‌ನ ಇನ್‌ಪುಟ್‌ನದ್ದೂ ಸೇರಿ ಅದು 80 ಆಗಿದೆ ಎಂದುಕೊಳ್ಳೋಣ. ಔಟ್‌ಪುಟ್ ಕಳಿಸುವ ತಿದ್ದುಪಡಿ ರೆಸಿಸ್ಟರ್ ದಾಟಿ ಬಂದು ಈ 80 ಪಿಕೊಫ್ಯಾರಡನ್ನು ತುಂಬಿಸಿದ ಮೇಲಷ್ಟೇ ಇನ್‌ಪುಟ್‌ಗೆ ಗೊತ್ತಾಗುತ್ತದೆ. ಇದೊಂದು ವಿಳಂಬ: ವೇಗದ ಸಂಕೇತಗಳಿಗೆ ಆವರ್ತದ ಸುಮಾರು ಕಾಲುಭಾಗ. ಆಪ್-ಆಂಪ್ ಕೂಡ ಸ್ವಭಾವತಃ ಇನ್ನೊಂದು ಕಾಲುಭಾಗ ಹಿಂದೆ ಬೀಳುತ್ತದೆ. ಎರಡೂ ಸೇರಿದರೆ ಅರ್ಧ ಆವರ್ತ. ತಗ್ಗಿಸಬೇಕಾದ ತಿದ್ದುಪಡಿ ಅಷ್ಟು ತಡವಾಗಿ ಬಂದರೆ, ಹಿಂದಿರುಗುವ ಜೋಕಾಲಿಯನ್ನು ಅದೇ ದಿಕ್ಕಿಗೆ ನೂಕಿದಂತೆ, ಏರಿಳಿತವನ್ನು ಹೆಚ್ಚಿಸುತ್ತದೆ.

ಇದು ಯಾವ ಆವರ್ತನದಲ್ಲಿ ನಡೆಯುತ್ತದೆ ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. 1 ಮೆಗಾಓಮ್ ಮತ್ತು 80 ಪಿಕೊಫ್ಯಾರಡ್ ಸೇರಿ 2 ಕಿಲೋಹರ್ಟ್ಸ್ ಕೊಡುತ್ತವೆ. ಆಪ್-ಆಂಪ್‌ನ ಗೇನ್-ಬ್ಯಾಂಡ್‌ವಿಡ್ತ್ 10 ಮೆಗಾಹರ್ಟ್ಸ್ ಇದ್ದರೆ, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದಾಗ ಬರುವುದು 141 ಕಿಲೋಹರ್ಟ್ಸ್. ಅಲ್ಲಿ ಗೇನ್ ಲೆಕ್ಕದ ಪ್ರಕಾರ ಇರಬೇಕಾದುದಕ್ಕಿಂತ 70 ಪಟ್ಟು ಎತ್ತರದ ಶಿಖರವಾಗುತ್ತದೆ. ಇದೇ ಪೀಕಿಂಗ್. ರೆಸಿಸ್ಟರ್‌ನ ತುದಿಗಳ ನಡುವೆ ತಾನಾಗಿಯೇ ಇರುವ 0.1ರಿಂದ 0.2 ಪಿಕೊಫ್ಯಾರಡ್ ಇದನ್ನು ಐದರಿಂದ ಹತ್ತು ಪಟ್ಟಿಗೆ ಇಳಿಸಬಹುದು, ಅದೂ ಅತಿಯೇ.

ಪರಿಹಾರವೂ ಅಲ್ಲೇ ಇದೆ: ರೆಸಿಸ್ಟರ್‌ಗೆ ಸಮಾನಾಂತರವಾಗಿ ಒಂದು ಸಣ್ಣ ಕೆಪಾಸಿಟರ್. ವೇಗದ ಸಂಕೇತಗಳು ರೆಸಿಸ್ಟರ್‌ಗೆ ಕಾಯದೆ ಇದರ ಮೂಲಕ ನೇರ ಇನ್‌ಪುಟ್ ತಲುಪುತ್ತವೆ. ತಲುಪುವ ಪಾಲು ಚಿಕ್ಕದು, ಆದರೆ ತಡವಿಲ್ಲದೆ ತಲುಪುತ್ತದೆ, ಬೇಕಾದದ್ದು ಅಷ್ಟೇ. ಒಂದೆರಡು ಪಿಕೊಫ್ಯಾರಡ್ ಸಾಕಾಗುವುದೇಕೆಂದರೆ, 141 ಕಿಲೋಹರ್ಟ್ಸ್‌ನಲ್ಲಿ 1.1 ಪಿಕೊಫ್ಯಾರಡ್‌ನ ತಡೆಯೂ ಸರಿಯಾಗಿ ಒಂದು ಮೆಗಾಓಮ್. 1.6ಕ್ಕೆ ಏರಿಸಿದರೆ ಶಿಖರ ಪೂರ್ತಿ ಮಾಯವಾಗಿ ಗೇನ್ ಸಮತಟ್ಟಾಗುತ್ತದೆ. ಬಿಡಿಭಾಗಗಳ ಬೆಲೆ ಒಂದಿಷ್ಟು ಹೆಚ್ಚುಕಡಿಮೆ ಇರುವುದರಿಂದ 2.2 ಹಾಕುವುದು ಜಾಣತನ. ಆಗ ಸುಮಾರು 90 ಕಿಲೋಹರ್ಟ್ಸ್‌ವರೆಗಿನ ವೇಗ ಉಳಿಯುತ್ತದೆ. ಭದ್ರವಾಗಿರಲೆಂದು 10 ಹಾಕಿದರೆ ಅದು 16ಕ್ಕೆ ಕುಸಿಯುತ್ತದೆ.

ಪೀಕಿಂಗ್ ಇದೆಯೇ ಎಂದು ತಿಳಿಯಲು ಒಂದು ಎಲ್‌ಇಡಿಯನ್ನು ಚೌಕಾಕಾರದ ಅಲೆಯಿಂದ ಮಿನುಗಿಸಿ ಔಟ್‌ಪುಟ್ಟನ್ನು ಆಸಿಲೋಸ್ಕೋಪ್‌ನಲ್ಲಿ ನೋಡಬೇಕು. ಪ್ರತಿ ಮೆಟ್ಟಿಲಿನ ಅಂಚಿನಲ್ಲಿ ಏಳು ಮೈಕ್ರೊಸೆಕೆಂಡಿಗೊಂದರಂತೆ ಅಲೆಗಳು ನಡುಗಿ ಕ್ಷೀಣಿಸುತ್ತಿದ್ದರೆ ಕೆಪಾಸಿಟರ್ ಸಾಲದು. ಡಯೋಡನ್ನು ಮುಚ್ಚಿ ಕತ್ತಲು ಮಾಡಿದರೂ ಗದ್ದಲವೆಲ್ಲ 140 ಕಿಲೋಹರ್ಟ್ಸ್ ಸುತ್ತ ಗುಡ್ಡೆಯಾಗಿ ಕಾಣುವುದು ಅದರದೇ ಇನ್ನೊಂದು ಲಕ್ಷಣ. ಬ್ರೆಡ್‌ಬೋರ್ಡ್ ಮೇಲೆ ಇದು ಕಾಣದೆ ಹೋಗಬಹುದು, ಏಕೆಂದರೆ ಅಲ್ಲಿ ಅಕ್ಕಪಕ್ಕದ ಪಟ್ಟಿಗಳ ನಡುವೆಯೇ ಕೆಲವು ಪಿಕೊಫ್ಯಾರಡ್ ಇರುತ್ತದೆ. ಅಚ್ಚುಕಟ್ಟಾದ ಪಿಸಿಬಿಗೆ ಬಂದ ಕೂಡಲೇ ಆ ಆಕಸ್ಮಿಕ ಕೆಪಾಸಿಟರ್ ಇಲ್ಲವಾಗಿ, ನಿನ್ನೆ ಶಾಂತವಾಗಿದ್ದ ಸರ್ಕ್ಯೂಟ್ ಇಂದು ನಡುಗತೊಡಗುತ್ತದೆ.